ಎಪ್ಪತ್ತೆರಡಕ್ಕೆ ಏರುವ ಮುನ್ನ

ಎಸ್‌ಟಿಎಂ32ಎಫ್103 ಚಿಪ್‌ಗೆ ಕರೆಂಟ್ ಕೊಟ್ಟಾಗ ಅದು ಒಳಗಿನ 8 ಮೆಗಾಹರ್ಟ್ಸ್ ಮಿಡಿತದಲ್ಲೇ ಏಳುತ್ತದೆ. ಅದನ್ನು 72ಕ್ಕೆ ಏರಿಸಲು ಬೋರ್ಡಿನ ಮೇಲಿನ 8 ಮೆಗಾಹರ್ಟ್ಸ್ ಕ್ರಿಸ್ಟಲ್ ಜತೆಗೆ ಪಿಎಲ್‌ಎಲ್ ಬೇಕು. ಪಿಎಲ್‌ಎಲ್ ತನ್ನದೇ ವೇಗದ ಮಿಡಿತ ಹುಟ್ಟಿಸಿ, ಅದನ್ನು ಒಂಬತ್ತರಿಂದ ಭಾಗಿಸಿ ಕ್ರಿಸ್ಟಲ್‌ಗೆ ಹೋಲಿಸುತ್ತದೆ. ಎರಡೂ ತಾಳೆಯಾಗುವವರೆಗೆ ತಿದ್ದಿಕೊಳ್ಳುತ್ತದೆ. ತಾಳೆಯಾದಾಗ `PLLRDY` ಬಿಟ್ 1 ಆಗುತ್ತದೆ. ಅಲ್ಲಿಯವರೆಗೆ ಕಾಯಬೇಕು.

ನಿಜವಾದ ತೊಡಕು ಫ್ಲಾಶ್‌ನದು. ನಮ್ಮ ಪ್ರೋಗ್ರಾಂ ಇರುವ ಈ ಸ್ಮೃತಿ ಕಾಯದೆ ಉತ್ತರ ಕೊಡುವುದು 24 ಮೆಗಾಹರ್ಟ್ಸ್‌ವರೆಗೆ ಮಾತ್ರ, ಅಂದರೆ ಸುಮಾರು 42 ನ್ಯಾನೋಸೆಕೆಂಡಿಗೊಮ್ಮೆ. 72ರಲ್ಲಿ ಒಂದು ಮಿಡಿತ ಸುಮಾರು 14 ನ್ಯಾನೋಸೆಕೆಂಡ್. ಹಾಗಾಗಿ ಓದಿಗೆ ಮೂರು ಮಿಡಿತ ಬೇಕು, ಎರಡು ಕಾಯುವಿಕೆಯವು:

```c
FLASH->ACR = (FLASH->ACR & ~7u) | 2u;
```

ಈ ಸಾಲು ಗಡಿಯಾರ ಬದಲಿಸುವ ಮೊದಲೇ ಬರಬೇಕು. ಮರೆತರೆ `SW` ಬಿಟ್‌ಗಳನ್ನು ಬದಲಿಸಿದ ಕೂಡಲೇ ಪ್ರೊಸೆಸರ್ ಕಸವನ್ನೇ ಆದೇಶವೆಂದು ಓದಿ, ಹೆಚ್ಚಾಗಿ `HardFault_Handler`ಗೆ ಬೀಳುತ್ತದೆ. ಡಿಬಗರ್ ಆ ಸಾಲಿನ ಆಚೆಗೇ ನಿಂತರೆ ನಾನಂತೂ ಮೊದಲು ನೋಡುವುದು ಇದನ್ನೇ. ಕೆಲವೊಮ್ಮೆ ಹಾಗೆಯೇ ಓಡಿಬಿಡುತ್ತದೆ. ಅದು ಇನ್ನೂ ಕೆಟ್ಟದ್ದು. ವೇಗ ಇಳಿಸುವಾಗ ಕ್ರಮ ತಿರುಗುಮುರುಗು: ಮೊದಲು ಗಡಿಯಾರ, ಆಮೇಲೆ ಕಾಯುವಿಕೆ. ಜತೆಗೆ, ಎಪಿಬಿ1 ಕವಲು 36 ಮೆಗಾಹರ್ಟ್ಸ್ ದಾಟಬಾರದು, ಅದನ್ನು ಎರಡರಿಂದ ಭಾಗಿಸಿಡಬೇಕು.