ಮುಖ ಒಪ್ಪದ ಬ್ಯಾಂಕು, ಬೆರಳ ಹಿಂದಿನ ಪಿನ್

ನಮ್ಮ ದೊಡ್ಡಪ್ಪನ ಫೋನು ಅವರ ಮುಖ ಕಂಡರೆ ಸಾಕು, ತೆರೆದುಕೊಳ್ಳುತ್ತದೆ. ಬ್ಯಾಂಕಿನ ಆ್ಯಪ್ ಮಾತ್ರ ಬೆರಳೇ ಬೇಕು ಎನ್ನುತ್ತದೆ. ಅಡಿಕೆ ಸುಲಿಯುವ ದಿನಗಳಲ್ಲಿ ಅವರ ಹೆಬ್ಬೆರಳಿಗೆ ಚೊಗರು ಮೆತ್ತಿ ಗೆರೆಗಳೇ ಕಾಣುವುದಿಲ್ಲ. ಒತ್ತಿ, ಪಂಚೆಗೆ ಒರೆಸಿ, ಮತ್ತೆ ಒತ್ತಿ, ಕೊನೆಗೆ ಪಿನ್ ಹಾಕುತ್ತಾರೆ. “ಫೋನಿಗೆ ಗೊತ್ತಾದ ಮುಖ ಬ್ಯಾಂಕಿಗೆ ಯಾಕೆ ಗೊತ್ತಾಗಲ್ಲ ಮಾರಾಯ?” ಎಂದು ನನ್ನನ್ನೇ ಕೇಳುತ್ತಾರೆ.

ಅಗ್ಗದ ಆಂಡ್ರಾಯ್ಡ್ ಫೋನುಗಳು ಸಾಮಾನ್ಯವಾಗಿ ಸೆಲ್ಫಿ ಕ್ಯಾಮೆರಾದಲ್ಲೇ ಮುಖ ನೋಡುತ್ತವೆ. ಅದಕ್ಕೆ ಸಿಗುವುದು ಚಪ್ಪಟೆ ಚಿತ್ರ. ಒಳ್ಳೆಯ ಫೋಟೊ ಹಿಡಿದರೂ ಕೆಲವು ಮೋಸಹೋಗುತ್ತವೆ. ಆದ್ದರಿಂದ ಆಂಡ್ರಾಯ್ಡ್ ಇವನ್ನು ಮೂರು ದರ್ಜೆಗಳಾಗಿ ವಿಂಗಡಿಸಿದೆ. ಮೇಲಿನ ದರ್ಜೆಗೆ ಸೇರಬೇಕಾದರೆ ಬೇರೆಯವರನ್ನು ತಪ್ಪಾಗಿ ಒಪ್ಪುವುದು 50,000ಕ್ಕೆ ಒಂದನ್ನು ಮೀರಬಾರದು, ನಕಲಿ ಬೆರಳು ಅಥವಾ ಮುಖಕ್ಕೆ ಮರುಳಾಗುವುದು ನೂರಕ್ಕೆ ಏಳನ್ನು ದಾಟಬಾರದು. ಆ್ಯಪ್‌ನ ಗುಪ್ತ ಕೀಲಿಯನ್ನು ತೆರೆಯುವ ಅಧಿಕಾರ ಈ ದರ್ಜೆಗೆ ಮಾತ್ರ. ಬೆರಳಚ್ಚು ಹೆಚ್ಚಾಗಿ ಇಲ್ಲಿಗೆ ಮುಟ್ಟುತ್ತದೆ, ಸಾದಾ ಕ್ಯಾಮೆರಾದ ಮುಖ ಮುಟ್ಟುವುದು ಅಪರೂಪ.

ಐಫೋನಿನಲ್ಲಿ ಲೆಕ್ಕ ತಿರುಗುಮುರುಗು. ಅದು ಮುಖದ ಮೇಲೆ ಕಣ್ಣಿಗೆ ಕಾಣದ ಸಾವಿರಾರು ಬೆಳಕಿನ ಚುಕ್ಕೆ ಚೆಲ್ಲಿ ಉಬ್ಬುತಗ್ಗುಗಳನ್ನು ಅಳೆಯುತ್ತದೆ. ಅಪರಿಚಿತ ಮುಖಕ್ಕೆ ತೆರೆದುಕೊಳ್ಳುವ ಸಾಧ್ಯತೆ 10 ಲಕ್ಷಕ್ಕೆ ಒಂದಕ್ಕಿಂತ ಕಡಿಮೆ, ಬೆರಳಿಗೆ 50,000ಕ್ಕೆ ಒಂದು ಎನ್ನುತ್ತದೆ ಆ್ಯಪಲ್. ಅವಳಿಗಳ ವಿಷಯದಲ್ಲಿ ಮಾತ್ರ ಈ ಭರವಸೆ ಇಲ್ಲ. ಹಾಗಾಗಿ ಮುಖವೋ ಬೆರಳೋ ಎಂಬುದಕ್ಕಿಂತ ಅದನ್ನು ನೋಡುವ ಯಂತ್ರ ಯಾವುದು ಎಂಬುದೇ ಮುಖ್ಯ.

ಎರಡೂ ಸೋತಾಗ ಬರುವುದು ಪಿನ್. ನಾಲ್ಕಂಕಿಯ ಪಿನ್‌ಗಳು ಇರುವುದೇ 10,000. ಆದರೂ ಊಹಿಸಿ ತೆರೆಯುವುದು ಕಷ್ಟ, ಕೆಲವು ಸಲ ತಪ್ಪಿದರೆ ಫೋನು ಕಾಯಿಸುತ್ತದೆ. ಅಪಾಯ ಇರುವುದು ಬಸ್ಸಿನಲ್ಲಿ, ಅಂಗಡಿಯಲ್ಲಿ ಹಿಂದೆ ನಿಂತು ನೋಡುವ ಕಣ್ಣುಗಳಿಂದ. ಪಿನ್ ತಿಳಿದವನು ಫೋನು ಕದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ತನ್ನ ಬೆರಳನ್ನೂ ಸೇರಿಸಬಹುದು. ಆಮೇಲೆ ಫೋನಿಗೆ ಅವನೂ ಯಜಮಾನನೇ.

ಚೆನ್ನಾಗಿ ಕಟ್ಟಿದ ಆ್ಯಪ್ ಇದನ್ನು ಗುರುತಿಸುತ್ತದೆ. ಹೊಸ ಬೆರಳು ಸೇರಿದೊಡನೆ ಅದರ ಹಳೆಯ ಕೀಲಿ ರದ್ದಾಗಿ, ಆ್ಯಪ್ ತನ್ನದೇ ಪಾಸ್‌ವರ್ಡ್ ಕೇಳುತ್ತದೆ. ಮನೆಯಲ್ಲೇ ಪರೀಕ್ಷಿಸಿ: ಇನ್ನೊಂದು ಬೆರಳನ್ನು ಫೋನಿಗೆ ಸೇರಿಸಿ, ಅದೇ ಬೆರಳಿನಿಂದ ಬ್ಯಾಂಕ್ ಆ್ಯಪ್ ತೆರೆಯಲು ನೋಡಿ. ಏನೂ ಕೇಳದೆ ತೆರೆದುಕೊಂಡರೆ ಆ ಆ್ಯಪ್‌ನಲ್ಲಿ ಬೆರಳಿನ ಸೌಲಭ್ಯ ಆರಿಸಿಬಿಡಿ. ಬೆರಳು ಸೋತಾಗ ಅದು ಕೇಳುವ ಪಿನ್ ಯಾವುದು ಎಂಬುದನ್ನೂ ಗಮನಿಸಿ. ಫೋನಿನ ಪಿನ್ನೇ ಸಾಕಾದರೆ, ಫೋನು ತೆರೆದವನಿಗೆ ಬ್ಯಾಂಕೂ ತೆರೆದಂತೆ.

ದೊಡ್ಡಪ್ಪನ ಪಿನ್ ಅವರು ಹುಟ್ಟಿದ ಇಸವಿ, ಮೊಮ್ಮಕ್ಕಳಿಗೆಲ್ಲ ಬಾಯಿಪಾಠ. ಅದನ್ನು ಆರಂಕಿಗೆ ಬದಲಾಯಿಸಿದೆವು. ಜೊತೆಗೆ ಚೊಗರು ತಾಗದ ಎಡಗೈ ಕಿರುಬೆರಳನ್ನೂ ಸೇರಿಸಿದೆವು. ಆಗ ಬ್ಯಾಂಕಿನ ಆ್ಯಪ್ ಪಾಸ್‌ವರ್ಡ್ ಕೇಳಿತು. ದೊಡ್ಡಪ್ಪ ಗೊಣಗಿದರು, ನನಗೆ ಸಮಾಧಾನವಾಯಿತು.