ಮುಖದ ಮೇಲಣ ಗುಳ್ಳೆಗಳಿಗೆ ಲೇಪನವೇ ಕಾರಣವೆ?

ಹಣೆಯ ಮೇಲೂ ಕೆನ್ನೆಯ ಮೇಲೂ ಸಾಸಿವೆಕಾಳಿನಷ್ಟೋ ಅದಕ್ಕಿಂತ ಚಿಕ್ಕದಾಗಿಯೋ ಗುಳ್ಳೆಗಳು ಏಳುತ್ತವೆ. ಅವು ಕೆಂಪಾಗುವುದಿಲ್ಲ, ನೋಯುವುದಿಲ್ಲ, ಕೀವುಗಟ್ಟುವುದೂ ಇಲ್ಲ. ಎದುರಿನಿಂದ ನೋಡಿದರೆ ಕಾಣದೆ, ಕಿಟಕಿಯ ಬೆಳಕು ಪಕ್ಕದಿಂದ ಬಿದ್ದಾಗ ಮಾತ್ರ ಚರ್ಮ ತರಿತರಿಯಾಗಿ ತೋರುತ್ತದೆ. ವೈದ್ಯರು ಇವನ್ನು ಮುಚ್ಚಿದ ಕಾಮಿಡೋನ್‌ಗಳೆನ್ನುತ್ತಾರೆ. ಚರ್ಮದ ಸೂಕ್ಷ್ಮ ರಂಧ್ರದೊಳಗೆ ಸತ್ತ ಜೀವಕೋಶಗಳೂ ಜಿಡ್ಡೂ ಅಂಟಿಕೊಂಡು ಬೆಣೆಯಂತೆ ಕೂತಾಗ, ಬಾಯಿ ಮುಚ್ಚಿದ ಆ ರಂಧ್ರವೇ ಗುಳ್ಳೆಯಾಗಿ ಉಬ್ಬುತ್ತದೆ. ಕೆಲವು ವಸ್ತುಗಳು ಈ ಬೆಣೆ ಕಟ್ಟುವುದಕ್ಕೆ ನೆರವಾಗುತ್ತವೆ. ಅಂಥವನ್ನು ಕಾಮಿಡೋಜೆನಿಕ್ ವಸ್ತುಗಳೆಂದು ಕರೆಯುವುದು ವಾಡಿಕೆ.

ಇಂಥ ಗುಳ್ಳೆಗಳು ಕಂಡೊಡನೆ ಸಂಶಯ ಹೋಗುವುದು ದಿನವೂ ಹಚ್ಚುವ ಮಾಯಿಶ್ಚರೈಸರ್‌ನ ಮೇಲೆ. ಆಗ ಡಬ್ಬಿಯ ಹಿಂಬದಿಯ ಹೆಸರುಗಳನ್ನು ಓದಿ, ಸೊನ್ನೆಯಿಂದ ಐದರವರೆಗೆ ಅಂಕ ಕೊಟ್ಟಿರುವ ಪಟ್ಟಿಯೊಂದಿಗೆ ಹೋಲಿಸುವವರೇ ಹೆಚ್ಚು. ಐಸೊಪ್ರೊಪೈಲ್ ಮಿರಿಸ್ಟೇಟ್, ಕೋಕೋ ಬೆಣ್ಣೆ, ಕೊಬ್ಬರಿ ಎಣ್ಣೆ ಇವುಗಳಿಗೆ ಆ ಪಟ್ಟಿಗಳಲ್ಲಿ ಹೆಚ್ಚಿನ ಅಂಕ. ಆದರೆ ಅಂಕ ಬಂದ ಬಗೆಯನ್ನು ತಿಳಿದವರು ಅದನ್ನು ತೀರ್ಪೆಂದು ಒಪ್ಪಲಾರರು.

ಈ ಅಂಕಗಳಲ್ಲಿ ಬಹುಪಾಲು ಮೊಲದ ಕಿವಿಯಿಂದ ಬಂದವು. ಮೊಲದ ಕಿವಿಯ ಒಳಬದಿಗೆ ಒಂದು ವಸ್ತುವನ್ನು ಕೆಲವು ವಾರ ಲೇಪಿಸಿ, ಅಲ್ಲಿನ ರಂಧ್ರಗಳು ಎಷ್ಟು ಕಟ್ಟಿಕೊಂಡವೆಂದು ಸೂಕ್ಷ್ಮದರ್ಶಕದಲ್ಲಿ ಅಳೆಯಲಾಗುತ್ತಿತ್ತು. ಅಮೆರಿಕದ ಚರ್ಮತಜ್ಞ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಮಿಲ್ಸ್ 1972ರಲ್ಲಿ ಸೌಂದರ್ಯಸಾಧನಗಳಿಂದ ಏಳುವ ಮೊಡವೆಯನ್ನು ಕುರಿತು ಬರೆದಾಗ ಈ ವಿಧಾನವೇ ಆಧಾರವಾಗಿತ್ತು. ಮೊಲದ ಕಿವಿ ಮನುಷ್ಯನ ಚರ್ಮಕ್ಕಿಂತ ಬಹಳ ಬೇಗ ಕಟ್ಟಿಕೊಳ್ಳುತ್ತದೆ. ಅದೇ ಇಬ್ಬರು 1982ರಲ್ಲಿ ಮನುಷ್ಯರ ಬೆನ್ನಿನ ಮೇಲೆ ಪರೀಕ್ಷಿಸುವ ವಿಧಾನವನ್ನು ಪ್ರಕಟಿಸಿದಾಗ, ಮೊಲದಲ್ಲಿ ಅಲ್ಪ ಪರಿಣಾಮ ತೋರಿದ ವಸ್ತುಗಳು ಮನುಷ್ಯರಲ್ಲಿ ಏನನ್ನೂ ಮಾಡಲಿಲ್ಲ. ಮತ್ತೊಂದು ಮಾತು: ಪರೀಕ್ಷಿಸಿದ್ದು ಬಿಡಿ ವಸ್ತುವನ್ನು, ಮುಖಕ್ಕೆ ಹಚ್ಚುವುದು ಹತ್ತಾರು ವಸ್ತುಗಳ ಮಿಶ್ರಣವನ್ನು. ಅಂಥ ವಸ್ತುಗಳಿದ್ದ ಸಿದ್ಧ ಲೇಪನಗಳನ್ನು ಮನುಷ್ಯರ ಮೇಲೆ ಪರೀಕ್ಷಿಸಿದ ಡ್ರೇಲೋಸ್ ಮತ್ತು ಡಿನಾರ್ಡೋ 2006ರಲ್ಲಿ ತಿಳಿಸಿದಂತೆ, ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಲೇಪನ ರಂಧ್ರಗಳನ್ನು ಕಟ್ಟಿಸುವುದೆಂದು ಹೇಳಲಾಗುವುದಿಲ್ಲ. ಡಬ್ಬಿಯ ಮೇಲೆ ‘ನಾನ್ ಕಾಮಿಡೋಜೆನಿಕ್’ ಎಂದು ಅಚ್ಚಾಗಿದ್ದರೆ ಅದೂ ಪೂರ್ಣ ಭರವಸೆಯಲ್ಲ. ತಯಾರಕರೆಲ್ಲರೂ ಅನುಸರಿಸಬೇಕಾದ ಒಂದೇ ಪರೀಕ್ಷೆ ಅದಕ್ಕಿಲ್ಲ.

ಹಾಗಾದರೆ ತಿಳಿಯುವ ದಾರಿ ಯಾವುದು? ಹಚ್ಚಿಕೊಳ್ಳುವವರ ಮುಖವೇ. ಮುಖಕ್ಕೆ ಎಡ, ಬಲವೆಂಬ ಎರಡು ಭಾಗಗಳಿರುವುದು ಇಲ್ಲಿ ದೊಡ್ಡ ಅನುಕೂಲ. ಹವೆ, ಊಟ, ನಿದ್ರೆ, ತಿಂಗಳ ಋತುಚಕ್ರ ಇವೆಲ್ಲ ಎರಡೂ ಕಡೆಗೆ ಸಮನಾಗಿಯೇ ತಗಲುತ್ತವೆ. ಒಂದು ಕಡೆ ಮಾತ್ರ ಲೇಪನವನ್ನು ಬಿಟ್ಟರೆ, ಮುಂದೆ ಕಾಣುವ ವ್ಯತ್ಯಾಸ ಬಹುಮಟ್ಟಿಗೆ ಆ ಲೇಪನದ್ದೇ ಆಗಿರುತ್ತದೆ.

ಬೆಂಗಳೂರಿನ ಒಬ್ಬ ಯುವತಿಯ ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ನವೆಂಬರಿನ ಚಳಿಗೆ ಆಕೆ ಹೊಸ ಮಾಯಿಶ್ಚರೈಸರ್ ಕೊಂಡಳು. ಜನವರಿಯಲ್ಲಿ ಗುಳ್ಳೆಗಳು ಕಂಡವು. ಎರಡು ತಿಂಗಳ ಈ ಅಂತರ ಸಂಶಯಕ್ಕೆ ಹೊಂದುತ್ತದೆ, ಏಕೆಂದರೆ ರಂಧ್ರದೊಳಗಿನ ಬೆಣೆ ಕಣ್ಣಿಗೆ ಕಾಣುವಷ್ಟು ಬೆಳೆಯಲು ವಾರಗಳೇ ಬೇಕು. ಹಚ್ಚಿದ ಮರುದಿನವೇ ತುರಿಕೆ, ಉರಿ, ಕೆಂಪು ಎದ್ದಿದ್ದರೆ ಅದು ಒಗ್ಗದಿಕೆಯೇ ಹೊರತು ಈ ಗುಳ್ಳೆಯಲ್ಲ.

ಆಕೆ ಮೊದಲು ಮುಖ ತೊಳೆದು ಒರೆಸಿ, ಬೆಳಗಿನ ಕಿಟಕಿಯ ಪಕ್ಕ ಕನ್ನಡಿ ಹಿಡಿದು, ಚರ್ಮವನ್ನು ಮೆಲ್ಲನೆ ಎಳೆದು ಗುಳ್ಳೆಗಳನ್ನು ಎಣಿಸುತ್ತಾಳೆ. ಕೆನ್ನೆಯನ್ನೂ ಹಣೆಯನ್ನೂ ಬೇರೆ ಬೇರೆ ಬರೆದುಕೊಳ್ಳುತ್ತಾಳೆ. ಎಡಗೆನ್ನೆಯಲ್ಲಿ 18, ಬಲಗೆನ್ನೆಯಲ್ಲಿ 17. ಹಣೆಯ ಎರಡು ಬದಿಗಳಲ್ಲೂ ಒಂಬತ್ತೊಂಬತ್ತು. ಅಂದಿನಿಂದ ಎಡಕ್ಕೆ ಹಳೆಯಂತೆಯೇ ಲೇಪನ, ಬಲಕ್ಕೆ ಇಲ್ಲ. ಬಲಬದಿ ಒಣಗಿ ಬಿಗಿದರೆ ಬಿಳಿಯ ಪೆಟ್ರೋಲಿಯಂ ಜೆಲ್ಲಿಯನ್ನು ತೆಳುವಾಗಿ ಸವರಬಹುದು. ಜಿಡ್ಡಾಗಿ ಕಂಡರೂ ಅದು ರಂಧ್ರಗಳನ್ನು ಕಟ್ಟಿಸುವುದಿಲ್ಲ. ಲೇಪನ ಆಚೀಚೆ ಹರಡುವುದರಿಂದ ಮೂಗಿನ ನೇರಕ್ಕಿರುವ ನಡುಪಟ್ಟಿಯನ್ನು ಲೆಕ್ಕಕ್ಕೆ ಹಿಡಿಯಬಾರದು. ಸೋಪು, ಪೌಡರು, ಬಿಸಿಲಿನ ಲೇಪನ ಯಾವುದನ್ನೂ ಈ ಅವಧಿಯಲ್ಲಿ ಬದಲಿಸಬಾರದು. ಮೊಡವೆಯ ಹೊಸ ಮುಲಾಮನ್ನು ಆರಂಭಿಸಬಾರದು. ಗುಳ್ಳೆಗಳನ್ನು ಹಿಸುಕಲೂ ಬಾರದು.

ನಾಲ್ಕನೆಯ ವಾರ ಎಣಿಸಿದಾಗ ಎಡಗೆನ್ನೆಯಲ್ಲಿ 19, ಬಲಗೆನ್ನೆಯಲ್ಲಿ 16. ಬಹಳ ಮಂದಿ ಇಲ್ಲಿಯೇ ಬೇಸತ್ತು ಲೇಪನ ನಿರಪರಾಧಿಯೆಂದು ತೀರ್ಮಾನಿಸುತ್ತಾರೆ. ಆದರೆ ಲೇಪನ ನಿಂತರೂ ಅದಾಗಲೇ ಕಟ್ಟಿದ ಬೆಣೆಗಳು ಕರಗಲು ಕಾಲ ಬೇಕಷ್ಟೆ. ಎಂಟನೆಯ ವಾರ ಎಡದಲ್ಲಿ 20, ಬಲದಲ್ಲಿ 8. ಎರಡು ಮೂರರ ಅಂತರವಾಗಿದ್ದರೆ ಎಣಿಕೆಯ ತಪ್ಪೆನ್ನಬಹುದಿತ್ತು; ಇದು ಹಾಗಲ್ಲ. ಇನ್ನೂ ದೃಢಪಡಿಸಿಕೊಳ್ಳಬೇಕೆಂದರೆ ಮುಂದಿನ ಎಂಟು ವಾರ ಬದಿಗಳನ್ನು ಅದಲುಬದಲು ಮಾಡಬೇಕು. ಗುಳ್ಳೆಗಳೂ ಬದಿ ಬದಲಿಸಿದರೆ ಮತ್ತೆ ಅನುಮಾನಕ್ಕೆ ಎಡೆಯಿಲ್ಲ.

ಆದರೆ ಹಣೆಯ ಎಣಿಕೆ? ಅಲ್ಲಿ ಎರಡು ಕಡೆಯೂ ಒಂಬತ್ತು ಒಂಬತ್ತಾಗಿಯೇ ಉಳಿದಿತ್ತು. ಬೇರೆ ಬೇರೆ ಬರೆದುಕೊಂಡದ್ದರ ಫಲ ಇದೇ. ಹಣೆಯ ಗುಳ್ಳೆಗಳು ಕೂದಲಂಚಿನ ಉದ್ದಕ್ಕೂ ಸಾಲುಗಟ್ಟಿದ್ದವು. ಆಕೆ ವಾರಕ್ಕೆರಡು ರಾತ್ರಿ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗುತ್ತಿದ್ದಳು. ಎಣ್ಣೆ ಹಣೆಗೂ ದಿಂಬಿನ ಮೂಲಕ ಕಪೋಲಕ್ಕೂ ಇಳಿಯುತ್ತದೆ. ತಲೆಗೆ ಹಚ್ಚುವ ಜಿಡ್ಡಿನಿಂದ ಹಣೆ, ಕಪೋಲಗಳ ಅಂಚಿನಲ್ಲಿ ಇಂಥ ಗುಳ್ಳೆಗಳೇಳುವುದನ್ನು ಅಮೆರಿಕದ ವೈದ್ಯರು 1970ರಲ್ಲೇ ‘ಪೊಮೇಡ್ ಆಕ್ನಿ’ ಎಂಬ ಹೆಸರಿನಿಂದ ವರ್ಣಿಸಿದ್ದಾರೆ. ಮಾಯಿಶ್ಚರೈಸರ್‌ನ ಪರೀಕ್ಷೆ ಮುಗಿದ ಮೇಲೆ ಆಕೆ ಎಣ್ಣೆಯನ್ನು ಸ್ನಾನಕ್ಕೆ ಮುಂಚೆ ಒಂದು ಗಂಟೆ ಮಾತ್ರ ಹಚ್ಚಿ, ಹಣೆಗೆ ತಾಗದಂತೆ ತೊಳೆದು, ಮತ್ತೆ ಎಂಟು ವಾರ ಎಣಿಸಬೇಕು. ಎರಡನ್ನೂ ಒಟ್ಟಿಗೆ ಬಿಟ್ಟಿದ್ದರೆ ಮುಖ ನಯವಾಗುತ್ತಿತ್ತೇನೋ ನಿಜ. ಯಾವುದರಿಂದ ಏನಾಯಿತೆಂದು ಮಾತ್ರ ತಿಳಿಯುತ್ತಿರಲಿಲ್ಲ.

ಈ ಪರೀಕ್ಷೆ ಲೇಪನವನ್ನು ಹಿಡಿದುಕೊಡುತ್ತದೆ, ಅದರೊಳಗಿನ ವಸ್ತುವನ್ನಲ್ಲ. ಮುಂದಿನ ಲೇಪನವನ್ನು ಆರಿಸುವಾಗ ಪಟ್ಟಿ ಅಷ್ಟಿಷ್ಟು ಸುಳಿವು ಕೊಟ್ಟೀತು. ಡಬ್ಬಿಯ ಮೇಲಿನ ಹೆಸರುಗಳು ಹೆಚ್ಚಿನ ಪ್ರಮಾಣದ್ದರಿಂದ ಕಡಿಮೆಯದಕ್ಕೆ ಇಳಿಯುತ್ತ ಹೋಗುತ್ತವೆ. ಶೇಕಡ ಒಂದಕ್ಕಿಂತ ಕಡಿಮೆ ಇರುವವಕ್ಕೆ ಮಾತ್ರ ಕ್ರಮದ ಕಟ್ಟಿಲ್ಲ. ಬಿಟ್ಟ ಲೇಪನದಲ್ಲಿ ಐಸೊಪ್ರೊಪೈಲ್ ಮಿರಿಸ್ಟೇಟ್ ಮೊದಲ ಐದರೊಳಗಿದ್ದರೆ, ಅದಿಲ್ಲದ ಒಂದನ್ನು ಮೊದಲು ಆರಿಸಿ, ಅದನ್ನೂ ಒಂದೇ ಕೆನ್ನೆಗೆ ಹಚ್ಚಿ ನೋಡುವುದು ವಿವೇಕ.

ಕೆಲವರಿಗೆ ಈ ಪರೀಕ್ಷೆ ಸಲ್ಲದು. ಒಂದೇ ಗಾತ್ರದ ಗುಳ್ಳೆಗಳೆದ್ದು ತುರಿಸುತ್ತಿದ್ದರೆ ಶಿಲೀಂಧ್ರದ ಸೋಂಕಿರಬಹುದು; ಕಣ್ಣಿನ ಸುತ್ತ ಗಟ್ಟಿಯಾದ ಬಿಳಿಯ ಮಣಿಗಳಂತಿದ್ದರೆ ಅವು ಮಿಲಿಯಾ ಎಂಬ ಬೇರೆಯೇ ಜಾತಿ. ಬಣ್ಣ ತಿಳಿಯಾಗಲೆಂದು ಸ್ಟೀರಾಯ್ಡ್ ಬೆರೆತ ಮುಲಾಮನ್ನು ಬಹುದಿನ ಹಚ್ಚಿದವರಿಗೆ ಅದನ್ನು ನಿಲ್ಲಿಸಿದೊಡನೆ ಮುಖ ಕೆರಳುವ ಸಂಭವವಿದೆ. ಅವರು ವೈದ್ಯರ ಸಲಹೆಯಿಲ್ಲದೆ ಏನನ್ನೂ ಮಾಡಬಾರದು. ಹನ್ನೆರಡು ವಾರ ಕಳೆದರೂ ಎರಡು ಬದಿಗಳಲ್ಲಿ ವ್ಯತ್ಯಾಸ ಕಾಣದಿದ್ದರೆ ಕಾರಣ ಲೇಪನವಲ್ಲವೆಂದೇ ತಿಳಿದು, ಎಣಿಕೆಯ ಚೀಟಿಯೊಡನೆ ಚರ್ಮವೈದ್ಯರಲ್ಲಿಗೆ ಹೋಗುವುದು ಒಳ್ಳೆಯದು.