ನೀರೇ ಗಂಟಲಿಗೆ ಕಷ್ಟವಾದಾಗ

ಊಟದ ನಡುವೆ ಅಜ್ಜ ಕೆಮ್ಮಿದರೆ ನಮ್ಮ ಮನೆಗಳಲ್ಲಿ ನೆತ್ತಿ ತಟ್ಟಿ, ‘ಯಾರೋ ನೆನೆಸಿಕೊಂಡರು’ ಎನ್ನುತ್ತಾ ನೀರಿನ ಲೋಟ ಕೊಡುತ್ತಾರೆ. ಪಾರ್ಶ್ವವಾಯು ಹೊಡೆದು ನುಂಗುವ ಶಕ್ತಿ ಕುಂದಿದ್ದರೆ ಆ ನೀರೇ ಹೆಚ್ಚು ಅಪಾಯ.

ತುತ್ತನ್ನು ಅಗಿದು, ಎಂಜಲು ಬೆರೆಸಿ, ನಾಲಿಗೆಯಿಂದ ಹಿಂದಕ್ಕೆ ತಳ್ಳುವವರೆಗೆ ಹಿಡಿತ ನಮ್ಮದು. ಆಮೇಲೆ ಗಂಟಲಿನ ಸರದಿ. ಸುಮಾರು ಒಂದು ಸೆಕೆಂಡಿನ ಕೆಲಸ. ಉಸಿರು ನಿಲ್ಲುತ್ತದೆ, ಧ್ವನಿಪೆಟ್ಟಿಗೆ ಮೇಲೆದ್ದು ಅದರ ಬಾಯಿ ಮುಚ್ಚುತ್ತದೆ, ಅನ್ನನಾಳ ತೆರೆದುಕೊಂಡು ತುತ್ತನ್ನು ಜಠರಕ್ಕೆ ಇಳಿಸುತ್ತದೆ. ಪಾರ್ಶ್ವವಾಯುವಿನ ನಂತರ ಗಂಟಲಿನ ಈ ಹಂತ ತಡವಾಗಿ ಶುರುವಾಗುವುದುಂಟು. ಗಟ್ಟಿ ತುತ್ತು ನಿಧಾನವಾಗಿ ಜಾರುತ್ತದೆ. ನೀರು ಮಾತ್ರ ಬಾಗಿಲು ಮುಚ್ಚುವ ಮೊದಲೇ ಓಡಿ ಶ್ವಾಸನಾಳ ಸೇರುತ್ತದೆ.

ಎಪ್ಪತ್ತು ದಾಟಿದ ಒಬ್ಬರನ್ನು ಊಹಿಸಿಕೊಳ್ಳಿ. ಮೆತ್ತಗಿನ ಮೊಸರನ್ನ ಸಲೀಸಾಗಿ ಇಳಿಯುತ್ತದೆ, ಅನ್ನ-ತಿಳಿಸಾರಿಗೆ ಕೆಮ್ಮು ಬರುತ್ತದೆ. ಅನ್ನವನ್ನು ಬಾಯಿ ಅಗಿಯುತ್ತಿರುವಾಗಲೇ ಸಾರು ಮುಂದೆ ಹರಿದಿರುತ್ತದೆ. ಗಟ್ಟಿ, ತೆಳು ಎರಡೂ ಒಂದೇ ತುತ್ತಿನಲ್ಲಿದ್ದರೆ ಇಂಥವರಿಗೆ ಕಷ್ಟ. ಅದೇ ಅನ್ನವನ್ನು ಗಟ್ಟಿ ಬೇಳೆಯಲ್ಲಿ ನುಣ್ಣಗೆ ಕಿವುಚಿ ಕೊಟ್ಟರೆ ಬಹುಶಃ ಸರಿಹೋಗುತ್ತದೆ. ಅಗಿಯದೆ ನುಂಗುವ ರಾಗಿಮುದ್ದೆ ಮೆತ್ತಗಿದ್ದರೂ ಅಂಟು ಹೆಚ್ಚು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅದನ್ನು ಬಿಡುವುದೇ ಲೇಸು. ಹಳೇ ಮೈಸೂರಿನ ಹಿರಿಯರಿಗೆ ಈ ಮಾತು ಹೇಳುವುದು ಸುಲಭವಲ್ಲ, ಬಲ್ಲೆ.

ಕೆಮ್ಮದಿದ್ದರೆ ಎಲ್ಲ ಸರಿ ಎಂದೂ ಅಲ್ಲ. ಗಂಟಲಿನ ಸಂವೇದನೆ ಹೋಗಿದ್ದರೆ ಆಹಾರ ಸದ್ದಿಲ್ಲದೆ ಶ್ವಾಸಕೋಶ ಸೇರುತ್ತದೆ. ನುಂಗಿದ ಮೇಲೆ ದನಿ ಗೊರಗೊರ ಎನ್ನುವುದು, ಊಟಕ್ಕೆ ವಿಪರೀತ ಹೊತ್ತು ಹಿಡಿಯುವುದು, ತೂಕ ಇಳಿಯುವುದು, ಮತ್ತೆ ಮತ್ತೆ ಜ್ವರ: ಇವು ಗುರುತು.

ದ್ರವವನ್ನು ಎಷ್ಟು ಮಂದ ಮಾಡಬೇಕೆಂದು ನುಂಗುವಿಕೆಯ ತಜ್ಞರು ಪರೀಕ್ಷಿಸಿ ಹೇಳುತ್ತಾರೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಪರೀಕ್ಷೆ ನಡೆಯುತ್ತದೆ. ಅವರು ‘2ನೇ ಹಂತ’ ಎಂದರೆ ಮನೆಯಲ್ಲೇ ಅಳೆಯಬಹುದು: ಸೂಜಿಯಿಲ್ಲದ, ಅವರೇ ತೋರಿಸಿದ ಅಳತೆಯ ಸಿರಿಂಜಿಗೆ 10 ಮಿ.ಲೀ. ತುಂಬಿ, ತುದಿಯಿಂದ ಬೆರಳು ತೆಗೆದು 10 ಸೆಕೆಂಡು ಬಿಟ್ಟಾಗ 4ರಿಂದ 8 ಮಿ.ಲೀ. ಉಳಿಯಬೇಕು. ಕುಡಿಯುವ ಬಿಸಿಯಲ್ಲೇ ಅಳೆಯಿರಿ. ಹಿಟ್ಟಿನಿಂದ ಮಂದ ಮಾಡಿದ ಗಂಜಿ ಎಂಜಲು ತಗುಲಿದರೆ ತೆಳುವಾಗುತ್ತದೆ, ಆದ್ದರಿಂದ ಬಾಯಿಗಿಟ್ಟ ಚಮಚವನ್ನು ಮತ್ತೆ ಬಟ್ಟಲಿಗೆ ಅದ್ದಬೇಡಿ.

ಮಂದ ನೀರು ಎಲ್ಲಕ್ಕೂ ಮದ್ದಲ್ಲ. ರುಚಿಸದೆ ಹಿರಿಯರು ಕುಡಿಯುವುದನ್ನೇ ಕಡಿಮೆ ಮಾಡಿ ನಿರ್ಜಲೀಕರಣಕ್ಕೆ ಸಿಲುಕುತ್ತಾರೆ. ನ್ಯುಮೋನಿಯಾವನ್ನು ಇದು ತಡೆಯುತ್ತದೆ ಎಂಬುದಕ್ಕೆ ಪುರಾವೆಯೂ ಗಟ್ಟಿಯಿಲ್ಲ. ನೆಟ್ಟಗೆ ಕೂರಿಸಿ ತಿನ್ನಿಸಿ, ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಹಲ್ಲಿಲ್ಲದಿದ್ದರೂ ದಿನಕ್ಕೆರಡು ಸಲ ಬಾಯಿ ಉಜ್ಜಿಸಿ. ಶ್ವಾಸಕೋಶದಲ್ಲಿ ಸೋಂಕು ಹಬ್ಬಿಸುವುದು ಬಹುಪಾಲು ಬಾಯಿಂದಲೇ ಇಳಿದ ಬ್ಯಾಕ್ಟೀರಿಯಾ.